ಕ್ರಯಪತ್ರದ ಫೋಟೋ ಹಿಡಿದರೆ ಫೋನು ಎಲ್ಲಿ ಎಡವುತ್ತದೆ, ಅನುವಾದಕರ ಹತ್ತಿರ ಯಾವಾಗ ಹೋಗಬೇಕು

ಶಿವಮೊಗ್ಗದಲ್ಲಿ ನನ್ನದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ. ವಿಭಾಗ ಪತ್ರ, ಕ್ರಯಪತ್ರ, ಅಫಿಡವಿಟ್ಟು, ಪಹಣಿ ಹಿಡಿದುಕೊಂಡು ಬರುವವರೇ ಜಾಸ್ತಿ. ಈಚೆಗೆ ಹೊಸ ಬಗೆಯ ಗಿರಾಕಿಗಳು ಬರುತ್ತಿದ್ದಾರೆ. ಫೋನಿನಲ್ಲಿ ಪತ್ರದ ಫೋಟೋ ತೆಗೆದು, ಆ್ಯಪ್ ಕೊಟ್ಟ ಇಂಗ್ಲಿಷನ್ನು ತೋರಿಸಿ, "ಇದನ್ನೇ ಚೆಂದ ಮಾಡಿ ಟೈಪ್ ಮಾಡಿಕೊಡಿ" ಅನ್ನುತ್ತಾರೆ. ನಾನು ಮಾಡಿಕೊಡುವುದಿಲ್ಲ. ಯಾಕೆ ಅಂತ ಒಂದು ಪತ್ರದ ಕತೆ ಹೇಳಿಯೇ ವಿವರಿಸುತ್ತೇನೆ.

ಹೋದ ಮಳೆಗಾಲದಲ್ಲಿ ಒಬ್ಬಳು ಹುಡುಗಿ ಬಂದಳು. ಬೇರು ತೀರ್ಥಹಳ್ಳಿ ಕಡೆ, ಬೆಳೆದಿದ್ದು ಪುಣೆಯಲ್ಲಿ. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ತೀರಿಹೋದ ಅಪ್ಪನ ಪಾಲಿನ ಜಮೀನಿಗೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು ಅಂತ ದೊಡ್ಡಪ್ಪನ ಮನೆಯವರು ಕೇಳಿದ್ದರು. ಸಹಿ ಹಾಕುವ ಮೊದಲು ಪುಣೆಯ ವಕೀಲರಿಗೆ ತೋರಿಸಬೇಕು ಅಂತ ಮನೆಯ ಹಳೆಯ ವಿಭಾಗ ಪತ್ರದ ಇಂಗ್ಲಿಷ್ ಬೇಕಾಗಿತ್ತು. ಕೈಬರಹದ ಪತ್ರ, ಎಂಟು ಪುಟ. ಫೋನು ಎಂಟೂ ಪುಟವನ್ನು ನಿಮಿಷದಲ್ಲಿ ಇಂಗ್ಲಿಷ್ ಮಾಡಿಕೊಟ್ಟಿತ್ತು.

"ಅಂಕಲ್, ನಮ್ಮ ಜಮೀನಿಗೆ 'ಹ್ಯಾಪಿ ಲ್ಯಾಂಡ್' ಅಂತ ಯಾಕೆ ಬರೆದಿದ್ದಾರೆ?" ಅಂತ ಕೇಳಿದಳು.

ಪತ್ರದಲ್ಲಿದ್ದದ್ದು ಖುಷ್ಕಿ. ಫೋನು ಅದನ್ನು ಖುಷಿ ಅಂತ ಓದಿಕೊಂಡಿತ್ತು. ಇಬ್ಬರೂ ನಕ್ಕೆವು. ಆಮೇಲೆ ಮೂಲ ಪತ್ರ ತೆಗೆದು ಸಾಲು ಸಾಲಾಗಿ ನೋಡುತ್ತಾ ಹೋದಾಗ ನಗು ನಿಂತಿತು.

ಮೊದಲು, ಫೋನು ಏನು ಮಾಡುತ್ತದೆ ಅಂತ ತಿಳಿದುಕೊಳ್ಳಿ

ಫೋಟೋದಿಂದ ಅನುವಾದ ಅಂದರೆ ಒಂದರ ಹಿಂದೆ ಒಂದು ಎರಡು ಕೆಲಸ. ಮೊದಲು ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಬೇಕು. ಆಮೇಲೆ ಹಾಗೆ ಗುರುತಿಸಿದ ಪಠ್ಯವನ್ನು ಬೇರೆ ಭಾಷೆಗೆ ತರಬೇಕು. ಮೊದಲನೆಯದರಲ್ಲಿ ಒಂದು ಗುಣಿತ ತಪ್ಪಿದರೂ ಎರಡನೆಯದಕ್ಕೆ ಅದು ಗೊತ್ತಾಗುವುದಿಲ್ಲ. ತನಗೆ ಸಿಕ್ಕ ತಪ್ಪು ಪದಕ್ಕೇ ಒಂದು ಒಳ್ಳೆ ಅರ್ಥ ಹುಡುಕಿ, ನುಣುಪಾದ ವಾಕ್ಯ ಕಟ್ಟುತ್ತದೆ. ಅಪಾಯ ಇರುವುದು ಆ ನುಣುಪಿನಲ್ಲೇ. ವಾಕ್ಯ ಮುರಿದಿದ್ದರೆ ನಮಗೆ ಅನುಮಾನ ಬರುತ್ತಿತ್ತು, ಅಲ್ವಾ?

ಹಾಗಾಗಿ ಮೊದಲ ಹೆಜ್ಜೆ ಇದು: ಅನುವಾದ ಓದಬೇಡಿ, ಫೋನು ಓದಿಕೊಂಡ ಕನ್ನಡವನ್ನು ನೋಡಿ. ಅಕ್ಷರಗಳನ್ನು ಆಯ್ದು ನಕಲು ಮಾಡುವ ಸೌಕರ್ಯ ಸಾಮಾನ್ಯವಾಗಿ ಆ್ಯಪ್‌ನಲ್ಲೇ ಇರುತ್ತದೆ. ಹಾಗೆ ತೆಗೆದ ಕನ್ನಡವನ್ನು ಮೂಲದ ಪಕ್ಕ ಇಟ್ಟು ಹತ್ತು ಸಾಲು ಹೋಲಿಸಿ. ನಿಮಗೆ ಓದಲು ಬಾರದಿದ್ದರೆ ಓದಬಲ್ಲವರನ್ನು ಕೂರಿಸಿಕೊಳ್ಳಿ. ಅಚ್ಚಾದ ಹೊಸ ಕಾಗದವಾದರೆ ಹೆಚ್ಚು ತಪ್ಪು ಸಿಗಲಿಕ್ಕಿಲ್ಲ. ಶಾಯಿ ಹರಡಿದ, ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದ, ಬರಹಗಾರರ ಮೋಡಿ ಅಕ್ಷರದ ಪತ್ರವಾದರೆ ಮೊದಲ ಎರಡು ಸಾಲಿನಲ್ಲೇ ಗೊತ್ತಾಗುತ್ತದೆ. ಅಲ್ಲಿಗೆ ಫೋನಿನ ಕೆಲಸ ಮುಗಿಯಿತು ಅಂತಲೇ ತಿಳಿಯಿರಿ.

ಹುಡುಗಿಯ ಪತ್ರದಲ್ಲಿ ತಪ್ಪು ಎರಡೂ ಕಡೆ ಇತ್ತು. ಖುಷ್ಕಿ ಖುಷಿಯಾಗಿದ್ದು ಓದುವ ತಪ್ಪು. "ತರಿ" ಅನ್ನುವುದನ್ನು ಸರಿಯಾಗಿಯೇ ಓದಿತ್ತು, ಆದರೆ "ತನ್ನಿ" ಅನ್ನುವ ಅರ್ಥ ಮಾಡಿ "ಬ್ರಿಂಗ್" ಅಂತ ಹಾಕಿತ್ತು. ತರಿ, ಖುಷ್ಕಿ, ಬಾಗಾಯ್ತು ಮೂರೂ ಕಂದಾಯದ ಮಾತು: ನೀರಾವರಿ ಗದ್ದೆ, ಮಳೆ ನಂಬಿದ ಒಣ ಜಮೀನು, ತೋಟ. ಸೊಪ್ಪಿನ ಬೆಟ್ಟವನ್ನು ತರಕಾರಿ ಗುಡ್ಡ ಮಾಡಿತ್ತು. ತೋಟಕ್ಕೆ ಸೊಪ್ಪು ತರುವುದಕ್ಕೆ ಅಂತ ಅಡಿಕೆ ಬೆಳೆಗಾರರಿಗೆ ಬಿಟ್ಟ ಕಾಡು ಅದು, ಮಾರಲು ಇರುವ ಸ್ವಂತ ಜಮೀನಲ್ಲ. ಈ ವ್ಯತ್ಯಾಸ ಪುಣೆಯ ವಕೀಲರಿಗೆ "ವೆಜಿಟಬಲ್ ಹಿಲ್" ಅಂತ ಓದಿದರೆ ಹೇಗೆ ತಿಳಿಯಬೇಕು?

ಅಂಕಿ ನೋಡಿ, ಅದರಲ್ಲೂ ಎಕರೆ-ಗುಂಟೆ

ಅಪ್ಪನ ಪಾಲು ಹೀಗಿತ್ತು: ತರಿ ೨-೨೦, ಬಾಗಾಯ್ತು ೧-೧೦. ನಮಗೆಲ್ಲ ಗೊತ್ತು, ಎರಡು ಎಕರೆ ಇಪ್ಪತ್ತು ಗುಂಟೆ, ಒಂದು ಎಕರೆ ಹತ್ತು ಗುಂಟೆ. ಫೋನು ಅಡ್ಡಗೆರೆಯನ್ನು ಚುಕ್ಕಿ ಮಾಡಿ 2.20 ಎಕರೆ, 1.10 ಎಕರೆ ಅಂತ ಕೊಟ್ಟಿತ್ತು. ನೋಡಲು ಒಂದೇ ಥರ ಕಾಣುತ್ತದೆ. ಲೆಕ್ಕ ಹಾಕಿದರೆ ಬೇರೆ.

ಎಕರೆಗೆ 40 ಗುಂಟೆ. ಎರಡು ಎಕರೆ ಇಪ್ಪತ್ತು ಗುಂಟೆ ಅಂದರೆ ಎರಡೂವರೆ ಎಕರೆ. ಆದರೆ ಊರಿನ ಲೆಕ್ಕ ಗೊತ್ತಿಲ್ಲದವರು 2.20 ಎಕರೆ ಅಂತ ಓದಿದರೆ ಅದು ಎರಡು ಎಕರೆ ಎಂಟು ಗುಂಟೆ ಆಗುತ್ತದೆ. ಅಲ್ಲಿ 12 ಗುಂಟೆ ಹೋಯಿತು. ಹಾಗೆಯೇ 1.10 ಎಕರೆ ಅಂದರೆ ಒಂದು ಎಕರೆ ನಾಲ್ಕು ಗುಂಟೆ. ಅಲ್ಲಿ 6 ಗುಂಟೆ ಹೋಯಿತು. ಒಟ್ಟು ಮೂರು ಎಕರೆ ಮೂವತ್ತು ಗುಂಟೆಯ ಪಾಲಿನಲ್ಲಿ 18 ಗುಂಟೆ ಕಾಗದದ ಮೇಲೆಯೇ ಕರಗಿತು. ತೋಟದ 6 ಗುಂಟೆಯನ್ನೇ ತೆಗೆದುಕೊಳ್ಳಿ. ಒಂಬತ್ತು ಅಡಿಗೆ ಒಂದರಂತೆ ಅಡಿಕೆ ಹಾಕಿದರೆ ಅದು ಸುಮಾರು 80 ಮರದ ಜಾಗ.

ಇದನ್ನು ಹಿಡಿಯಲು ಒಂದು ಸುಲಭ ದಾರಿ ಇದೆ. ಪತ್ರದಲ್ಲಿ ಗುಂಟೆಯ ಜಾಗದ ಅಂಕಿ 39 ದಾಟುವುದಿಲ್ಲ, 40 ಆದರೆ ಅದು ಎಕರೆ ಆಗುತ್ತದೆ. ಅನುವಾದದಲ್ಲಿ ಎಲ್ಲಾ ವಿಸ್ತೀರ್ಣಗಳಲ್ಲೂ ಚುಕ್ಕಿಯ ಮುಂದಿನ ಅಂಕಿ 39ರ ಒಳಗೇ ಇದ್ದರೆ, ಅದು ಗುಂಟೆ ಇರಬಹುದು ಅಂತ ಅನುಮಾನ ಪಡಿ. ಇನ್ನೊಂದು ದಾರಿ, ಹಳೆಯ ಬರಹಗಾರರೇ ಮಾಡಿಟ್ಟ ಉಪಕಾರ: ಅಂಕಿಯ ಜೊತೆ ಅಕ್ಷರದಲ್ಲೂ ಬರೆಯುವ ಪದ್ಧತಿ. ಎರಡನ್ನೂ ಹೋಲಿಸಿ. ಕನ್ನಡ ಅಂಕಿಯಲ್ಲಿ ೦ ಮತ್ತು ೧ ಕೈಬರಹದಲ್ಲಿ ಒಂದರಂತೆ ಒಂದು ಕಾಣುತ್ತವೆ. ಸರ್ವೆ ನಂಬರಿನಲ್ಲಿ ಹಾಗಾದರೆ ನಿಮ್ಮ ಪತ್ರ ಪಕ್ಕದವರ ಜಮೀನಿನ ಕತೆ ಹೇಳುತ್ತದೆ.

ಬಾಲ ನೋಡಿ

ಈಗ ನನಗೆ ನಿಜಕ್ಕೂ ದಿಗಿಲು ಹುಟ್ಟಿಸಿದ ಸಾಲು. ಅಜ್ಜಿಗೆ ಅಂತ ಬಿಟ್ಟ ಮನೆ ಹಿಂದಿನ ಜಾಗದ ಬಗ್ಗೆ ಪತ್ರದಲ್ಲಿ ಹೀಗಿತ್ತು: "ಸದರಿ ಸ್ವತ್ತನ್ನು ತಾಯಿಯವರು ತಮ್ಮ ಜೀವಮಾನ ಪರ್ಯಂತ ಅನುಭವಿಸಿಕೊಂಡು ಹೋಗತಕ್ಕದ್ದು, ಯಾರಿಗೂ ಪರಭಾರೆ ಮಾಡತಕ್ಕದ್ದಲ್ಲ." ಆ ಕೊನೆಯ "ಲ್ಲ" ಮೇಲೆ ಕಚೇರಿಯ ನೇರಳೆ ಮೊಹರು ಕೂತಿತ್ತು. ಫೋನು "ಮಾಡತಕ್ಕದ್ದು" ಅಂತ ಓದಿ, ತಾಯಿ ಯಾರಿಗೆ ಬೇಕಾದರೂ ಕೊಡಬಹುದು ಅನ್ನುವ ಅರ್ಥದ ಇಂಗ್ಲಿಷ್ ಬರೆದಿತ್ತು. ಅಜ್ಜಿ ಆ ಜಾಗದಲ್ಲಿ ಸ್ವಲ್ಪ ಮಾರಿದ್ದರು, ಅದರ ಮೇಲೆಯೇ ಮನೆಯಲ್ಲಿ ತಕರಾರು. ಒಂದು ಒತ್ತಕ್ಷರಕ್ಕೆ ಇಡೀ ತಕರಾರು ತಲೆಕೆಳಗಾಗಿತ್ತು.

ಕನ್ನಡದಲ್ಲಿ "ಇಲ್ಲ", "ಬೇಡ" ಕೂರುವುದು ಕ್ರಿಯಾಪದದ ಬಾಲದಲ್ಲಿ. ಸಾಲು ಮುಗಿಯುವ ಕಡೆ, ಪುಟದ ಅಂಚಿನಲ್ಲಿ, ಸಹಿ ಮೊಹರು ಬೀಳುವ ಜಾಗದಲ್ಲಿ. ಕಾಗದ ಮಡಿಸಿದ ಗೆರೆಯೂ ಅಲ್ಲೇ ಬರುತ್ತದೆ. ಹಾಗಾಗಿ ಪತ್ರದಲ್ಲಿ ತಕ್ಕದ್ದು, ತಕ್ಕದ್ದಲ್ಲ, ಇರುವುದಿಲ್ಲ, ಕೂಡದು ಅನ್ನುವ ಪದಗಳಿಗೆಲ್ಲ ಪೆನ್ಸಿಲಿನಿಂದ ಗೆರೆ ಎಳೆಯಿರಿ, ಜೆರಾಕ್ಸ್ ಪ್ರತಿಯ ಮೇಲೆ ಮಾತ್ರ. ಅನುವಾದದಲ್ಲಿ ಪ್ರತಿಯೊಂದಕ್ಕೂ ಜೋಡಿ ಇದೆಯಾ ಹುಡುಕಿ. ಒಂದು ಸಿಗದಿದ್ದರೂ ಆ ಅನುವಾದ ಬಿಟ್ಟುಬಿಡಿ.

ಇಂಗ್ಲಿಷಿಗೆ ಹೋದದ್ದನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ನೋಡಿದರೆ ಸಾಲದೇ ಅಂತ ಕೆಲವರು ಕೇಳುತ್ತಾರೆ. ಸಾಲದು. ಮೊಹರಿನ ಕೆಳಗಿನ "ಲ್ಲ" ಮೊದಲ ಹೆಜ್ಜೆಯಲ್ಲೇ ಹೋಗಿದೆ. ವಾಪಸ್ ಬರುವಾಗ "ಮಾಡಬಹುದು" ಅಂತಲೇ ಬರುತ್ತದೆ, ಎಲ್ಲ ಸರಿಯಾಗಿದೆ ಅನ್ನಿಸುತ್ತದೆ.

ಹಾಗಾದರೆ ಯಾವಾಗ ಫೋನು ಸಾಕು?

ಪತ್ರ ಯಾವುದು, ಯಾವ ವರ್ಷದ್ದು, ಯಾವ ಊರಿನದು ಅಂತ ತಿಳಿಯಲು ಸಾಕು. ಪೆಟ್ಟಿಗೆ ತುಂಬ ಕಾಗದ ಇದ್ದಾಗ ಯಾವುದನ್ನು ಅನುವಾದಕ್ಕೆ ಕೊಡಬೇಕು ಅಂತ ಬೇರ್ಪಡಿಸಲು ತುಂಬಾ ಒಳ್ಳೆಯದು, ಹಣವೂ ಉಳಿಯುತ್ತದೆ. ಆದರೆ ಅದನ್ನು ನಂಬಿ ಸಹಿ ಹಾಕುವುದಾದರೆ, ಹಣ ಕೊಡುವುದಾದರೆ, ಕೋರ್ಟಿಗೆ, ಬ್ಯಾಂಕಿಗೆ, ನೋಂದಣಿ ಕಚೇರಿಗೆ ಸಲ್ಲಿಸುವುದಾದರೆ ಸಾಲದು. ಇನ್ನೂ ಒಂದು ಕಾರಣ: ನಾಳೆ ತಪ್ಪು ಸಿಕ್ಕರೆ "ಇದನ್ನು ನಾನು ಮಾಡಿದ್ದು" ಅಂತ ನಿಂತು ಉತ್ತರ ಹೇಳುವ ಮನುಷ್ಯ ಬೇಕು. ಆ್ಯಪ್ ಸಾಕ್ಷಿ ಕಟ್ಟೆ ಹತ್ತುವುದಿಲ್ಲ.

ಅನುವಾದಕರ ಹತ್ತಿರ ಹೋಗುವ ಮುಂಚೆ

ಮೊದಲು ಅನುವಾದ ತಲುಪುವ ಕಡೆ ಕೇಳಿ. ವಕೀಲರು ಓದಿ ಸಲಹೆ ಕೊಡಲು ಮಾತ್ರವಾದರೆ ಅನುವಾದಕರ ಸಹಿ ಸಾಕಾದೀತು. ಕೋರ್ಟು, ಬ್ಯಾಂಕು, ವಿದೇಶದ ಕಚೇರಿಗಳು ಪ್ರಮಾಣಪತ್ರ, ಅಫಿಡವಿಟ್ಟು, ನೋಟರಿ ಅಂತ ಬೇರೆ ಬೇರೆ ಕೇಳುತ್ತವೆ. ಕೇಳದೆ ಮಾಡಿಸಿದರೆ ಎರಡು ಸಲ ದುಡ್ಡು. ನೋಂದಣಿಗೆ ಕೊಡುವ ಪತ್ರದ ವಿಚಾರ 1908ರ ನೋಂದಣಿ ಕಾಯ್ದೆಯಲ್ಲೇ ಇದೆ. ಪತ್ರದ ಭಾಷೆ ನೋಂದಣಾಧಿಕಾರಿಗೆ ತಿಳಿಯದಿದ್ದರೆ, ಆ ಜಿಲ್ಲೆಯಲ್ಲಿ ಬಳಕೆಯಲ್ಲೂ ಇಲ್ಲದಿದ್ದರೆ, ಜಿಲ್ಲೆಯ ಬಳಕೆಯ ಭಾಷೆಯ ನಿಜ ಅನುವಾದ ಮತ್ತು ನಿಜ ಪ್ರತಿ ಜೊತೆಗಿಲ್ಲದೆ ಅದನ್ನು ನೋಂದಣಿಗೆ ತೆಗೆದುಕೊಳ್ಳಬಾರದು ಅಂತ 19ನೇ ಕಲಂ ಹೇಳುತ್ತದೆ. ಕೇರಳದಿಂದ ಬಂದು ನಮ್ಮ ಕಡೆ ನೆಲೆಸಿದವರ ಮಲಯಾಳಂ ಪತ್ರ ಇಲ್ಲಿ ನೋಂದಣಿಗೆ ಬಂದರೆ ಈ ಮಾತು ನೆನಪಿರಲಿ.

ನೋಟರಿ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. 1952ರ ನೋಟರಿ ಕಾಯ್ದೆಯಲ್ಲಿ ಅನುವಾದ ಮಾಡುವುದು, ಅನುವಾದವನ್ನು ಪರಿಶೀಲಿಸುವುದು ನೋಟರಿಯ ಕೆಲಸಗಳಲ್ಲಿ ಸೇರಿದೆ, ನಿಜ. ಆದರೆ ಅನುವಾದಕರ ಅಫಿಡವಿಟ್ಟಿನ ಮೇಲೆ ಸುಮ್ನೆ ಮೊಹರು ಬಿದ್ದಿದ್ದರೆ, ಇಂಥವರು ನನ್ನ ಮುಂದೆ ಪ್ರಮಾಣ ಮಾಡಿ ಸಹಿ ಹಾಕಿದರು ಅಂತ ಮಾತ್ರ ಅದರರ್ಥ. ಒಳಗಿನ ಅನುವಾದ ಸರಿ ಅಂತ ಅಲ್ಲ.

ಆಮೇಲೆ ಒಳ್ಳೆ ಪ್ರತಿ. ಹುಡುಗಿಗೆ ನಾನು ಮೊದಲು ಹೇಳಿದ್ದೇ ಇದು: ನೋಂದಣಿಯಾದ ಪತ್ರ, ಉಪನೋಂದಣಾಧಿಕಾರಿ ಕಚೇರಿಯಿಂದ ದೃಢೀಕೃತ ನಕಲು ತೆಗೆಸು. ಮನೆಯ ಪ್ರತಿಯ ಮೇಲಿನ ಮೊಹರು, ಮಡಿಕೆ, ಕಲೆ ಅದರಲ್ಲಿ ಅದೇ ಜಾಗದಲ್ಲಿ ಇರುವ ಸಂಭವ ಕಡಿಮೆ. ಅವಳ ನಕಲಿನಲ್ಲಿ "ಮಾಡತಕ್ಕದ್ದಲ್ಲ" ಸ್ಪಷ್ಟವಾಗಿ ಬಂತು. ಎರಡೂ ಪ್ರತಿಯ ಎಲ್ಲಾ ಪುಟ, ಬೆನ್ನು ಸೇರಿಸಿ ಸ್ಕ್ಯಾನ್ ಮಾಡಿಸಿ, 300 ಡಿಪಿಐ ಸಾಕು. ಬೆನ್ನು ಯಾಕೆ ಅಂದರೆ ಯಾರು ಹಾಜರುಪಡಿಸಿದರು, ಯಾರು ಬರೆದುಕೊಟ್ಟಿದ್ದನ್ನು ಒಪ್ಪಿಕೊಂಡರು ಅನ್ನುವ ಹಿಂಬರಹ ಅಲ್ಲಿರುತ್ತದೆ. ಫೋನಿನಲ್ಲಿ ಫೋಟೋ ತೆಗೆಯುವವರು ಬೆನ್ನನ್ನು ಮರೆಯುವುದೇ ಜಾಸ್ತಿ.

ಯಾರಿಗೆ ಕೊಡುವುದು

ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಅನ್ನುವುದು ಸಾಲದು. ಎಂ.ಎ. ಮಾಡಿದ ಅಣ್ಣನ ಮಗ, ಬೆಂಗಳೂರಿನ ಕಂಪನಿಯಲ್ಲಿರುವ ಅಳಿಯ, ಇಂಥವರಿಂದ ಮಾಡಿಸಿದ ಅನುವಾದ ನಾನು ಬೇಕಾದಷ್ಟು ನೋಡಿದ್ದೇನೆ. ಪಾಲುದಾರ ಮನೆಯವರೇ ಆಗಿದ್ದರೆ ಇನ್ನೂ ಬೇಡ, ಎದುರು ಪಕ್ಷದವರು ಮೊದಲು ಹಿಡಿಯುವುದೇ ಅದನ್ನು. ವಕೀಲರ ಕಚೇರಿಯಲ್ಲಿ ವಿಚಾರಿಸಿದರೆ ಕೋರ್ಟಿನ ಕಾಗದ ಅನುವಾದಿಸಿ ಪಳಗಿದವರ ಹೆಸರು ಸಿಗುತ್ತದೆ.

ಒಪ್ಪಿಸುವ ಮುಂಚೆ ನಾನು ಮೂರು ಪದ ಕೇಳಿ ನೋಡಲು ಹೇಳುತ್ತೇನೆ: ತರಿ, ಪರಭಾರೆ, ಬ ಖರಾಬು. ತರಿ ಅಂದರೆ ನೀರಾವರಿ ಗದ್ದೆ, ಪರಭಾರೆ ಅಂದರೆ ಮಾರಾಟ, ದಾನ ಹೀಗೆ ಯಾವುದೇ ರೀತಿಯಲ್ಲಿ ಬೇರೆಯವರಿಗೆ ಕೊಡುವುದು, ಬ ಖರಾಬು ಅಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಸಾಗುವಳಿಯಾಗದ ಜಾಗ ಅಂತ ಹೇಳಿದರೆ ಕೊಡಿ. "ಖರಾಬು ಅಂದರೆ ಹಾಳಾದದ್ದು" ಅಂದರೆ ನಮಸ್ಕಾರ ಹೇಳಿ ಬನ್ನಿ.

ಕೊಡುವಾಗ ನಾಲ್ಕು ಮಾತು ಬರೆದೇ ಕೊಡಿ. ಒಂದು, ಕಂದಾಯದ ಪದಗಳನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ವಿವರಣೆ ಹಾಕಬೇಕು. ಎರಡು, ಎಕರೆ-ಗುಂಟೆಯನ್ನು ಹೆಸರು ಹೇಳಿಯೇ ಬರೆಯಬೇಕು, ಚುಕ್ಕಿ ಬೇಡ. ಮೂರು, ಓದಲಾಗದ ಜಾಗದಲ್ಲಿ ಊಹೆ ಮಾಡದೆ ಓದಲಾಗುತ್ತಿಲ್ಲ ಅಂತಲೇ ಬರೆಯಬೇಕು. ಮೊಹರು, ಹೆಬ್ಬೆಟ್ಟು, ಹೊಡೆದುಹಾಕಿದ ಸಾಲು ಎಲ್ಲಿದೆ ಅಂತಲೂ ತೋರಿಸಬೇಕು. ನಾಲ್ಕು, ಮೂಲದಲ್ಲಿ ತಪ್ಪಿದ್ದರೆ ತಿದ್ದಬಾರದು. ಈ ಪತ್ರದಲ್ಲೇ ದೊಡ್ಡಪ್ಪನ ಹೆಸರು ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಇತ್ತು. ಅದು ಹಾಗೆಯೇ ಹೋಗಬೇಕು, ಅದು ಪುಣೆಯ ವಕೀಲರಿಗೆ ಗೊತ್ತಾಗಬೇಕಾದ ಸಂಗತಿ.

ಅನುವಾದ ಕೈಗೆ ಬಂದ ಮೇಲೆ ಇಬ್ಬರು ಕೂತು ಓದಿ. ಒಬ್ಬರು ಮೂಲವನ್ನು ಜೋರಾಗಿ ಓದಲಿ, ಇನ್ನೊಬ್ಬರು ಅನುವಾದದ ಮೇಲೆ ಬೆರಳಿಡಲಿ. ಹೆಸರು, ಸರ್ವೆ ನಂಬರು, ವಿಸ್ತೀರ್ಣ, ತಾರೀಖು, ಚೆಕ್ಕುಬಂದಿಯ ನಾಲ್ಕು ದಿಕ್ಕು, ಮತ್ತೆ ಪೆನ್ಸಿಲ್ ಗೆರೆ ಹಾಕಿದ ಬಾಲಗಳು. ನಾವು ಅರ್ಧ ದಿನ ಕೂತೆವು. ಚೆಕ್ಕುಬಂದಿಯಲ್ಲಿ ಒಂದು ಕಡೆ ಪೂರ್ವ ಪಶ್ಚಿಮ ಅದಲುಬದಲಾಗಿತ್ತು. ಮನುಷ್ಯರೂ ತಪ್ಪುತ್ತಾರೆ. ಅನುವಾದಕರಿಗೆ ತೋರಿಸಿದಾಗ ತಿದ್ದಿ, ಹೊಸ ಪುಟಕ್ಕೆ ಸಹಿ ಹಾಕಿ ಕೊಟ್ಟರು.

ಅಜ್ಜಿಗೆ ಹಾಕಿದ ಆ ಷರತ್ತು ಕಾನೂನಿನಲ್ಲಿ ನಿಲ್ಲುತ್ತದೋ ಇಲ್ಲವೋ ಅನ್ನುವುದು ಬೇರೆ ಪ್ರಶ್ನೆ. ಹೆಣ್ಣುಮಕ್ಕಳಿಗೆ ಸಿಕ್ಕ ಆಸ್ತಿಯ ವಿಚಾರದಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ನೋಡಬೇಕು, ಅದು ವಕೀಲರ ಕೆಲಸ. ಅನುವಾದಕರು ಅದನ್ನು ಹೇಳಬಾರದು. ಪತ್ರದಲ್ಲಿ "ಅಲ್ಲ" ಇದೆ ಅಂತ ಹೇಳಿದರೆ ಅವರ ಕೆಲಸ ಆಯಿತು. ಹುಡುಗಿ ಸಹಿ ಹಾಕದೆ ಪುಣೆಗೆ ವಾಪಸ್ ಹೋದಳು.

ಇದೇ ಬಾಲ, ಅಡಿಕೆ ಸುಲಿಯುವ ಮನೆಯಲ್ಲಿ

ಕೋರ್ಟಿನ ಕಾಗದ ಮಾತ್ರ ಅಲ್ಲ. ಅಡಿಕೆ ಸುಲಿಯುವ ಯಂತ್ರದ ಹತ್ತಿರ ಹಾಕಲು ಒಬ್ಬರು ಹಿಂದಿ ಬೋರ್ಡು ಮಾಡಿಸಲು ಬಂದಿದ್ದರು, ಉತ್ತರದ ಕಡೆಯ ಕೆಲಸಗಾರರಿಗಾಗಿ. ಗೋಡೆಯ ಮೇಲಿನ ಕನ್ನಡ ಬೋರ್ಡಿನ ಫೋಟೋ ಹೊಡೆದು ಹಿಂದಿ ತೆಗೆದಿದ್ದರು. ಕನ್ನಡದಲ್ಲಿ ಇದ್ದದ್ದು "ಯಂತ್ರ ನಿಲ್ಲಿಸದೆ ಕೈ ಹಾಕಬೇಡಿ." ಧೂಳಿನ ಗೆರೆಯೊಂದು ಗುಡಿಸಿನಂತೆ ಕಂಡು ಫೋನು "ನಿಲ್ಲಿಸಿದೆ" ಅಂತ ಓದಿತ್ತು. ಯಂತ್ರ ನಿಂತಿದೆ, ಕೈ ಹಾಕಬೇಡಿ ಅಂತ ಹಿಂದಿ ಬಂದಿತ್ತು. ಓಡುತ್ತಿರುವ ಯಂತ್ರದ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ.

ಇಲ್ಲಿ ಎರಡು ಕೆಲಸ ಮಾಡಿದೆವು. ಮೊದಲು ಕನ್ನಡವನ್ನೇ ಬಿಡಿಸಿದೆವು: "ಮೊದಲು ಸ್ವಿಚ್ ಆರಿಸಿ. ಚಕ್ರ ನಿಂತಿದ್ದು ನೋಡಿ. ಆಮೇಲೆ ಕೈ ಹಾಕಿ." ಎರಡು ನಿಷೇಧ ಒಂದೇ ವಾಕ್ಯದಲ್ಲಿ ಇಲ್ಲದಿದ್ದರೆ ಅನುವಾದಕರಿಗೂ ಸುಲಭ, ಕೆಲಸಗಾರರಿಗೂ ಸುಲಭ. ಆಮೇಲೆ ಹಿಂದಿ ಚೆನ್ನಾಗಿ ಬಲ್ಲ ಅನುವಾದಕರಿಂದ ಬರೆಸಿ, ಬೋರ್ಡು ಅಚ್ಚಾಗುವ ಮುಂಚೆ ಆ ಕೆಲಸಗಾರರಲ್ಲಿ ಒಬ್ಬನನ್ನು ಕರೆದು ಓದಿಸಿದೆವು. "ಅರ್ಥ ಆಯ್ತಾ" ಅಂತ ಕೇಳಲಿಲ್ಲ, ಹೂಂ ಅಂದುಬಿಡುತ್ತಾರೆ. "ಈಗ ಅಡಿಕೆ ಸಿಕ್ಕಿಕೊಂಡಿದೆ, ಏನು ಮಾಡುತ್ತೀ, ಮಾಡಿ ತೋರಿಸು" ಅಂದೆವು. ಅವನು ಸೀದಾ ಸ್ವಿಚ್ಚಿನ ಕಡೆ ನಡೆದ.

ತೋಟದ ಔಷಧಿ ಡಬ್ಬಗಳಿಗೆ ಮಾತ್ರ ಅನುವಾದವೇ ಬೇಡ. ಪೆಟ್ಟಿಗೆಯ ಒಳಗೆ ಮಡಿಸಿಟ್ಟ ಕರಪತ್ರದಲ್ಲಿ ಹಿಂದಿ, ಇಂಗ್ಲಿಷ್ ಜೊತೆ ಪ್ರಾದೇಶಿಕ ಭಾಷೆಯಲ್ಲೂ ಇರುತ್ತದೆ, ಅಂಗಡಿಯಲ್ಲಿ ಅದನ್ನು ಕೇಳಿ ಪಡೆಯಿರಿ. ಡಬ್ಬದ ಮೇಲಿನ ಚೌಕದ ಬಣ್ಣಕ್ಕೆ ಭಾಷೆ ಬೇಕಿಲ್ಲ: ಕೆಂಪು ಎಲ್ಲಕ್ಕಿಂತ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಯಾರಿಗಾದರೂ ವಿಷ ತಗುಲಿ ಆಸ್ಪತ್ರೆಗೆ ಓಡುವಾಗ ಫೋನಿನಲ್ಲಿ ಅನುವಾದ ಮಾಡಿದ ಚಿತ್ರ ತೋರಿಸಬೇಡಿ. ಡಬ್ಬವನ್ನೇ ಬಿಗಿಯಾಗಿ ಮುಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಕರಪತ್ರದ ಸಮೇತ ಒಯ್ಯಿರಿ. ಔಷಧದ ರಾಸಾಯನಿಕ ಹೆಸರು, ಪ್ರತಿವಿಷದ ಸಾಲು ಮೂಲದಲ್ಲಿ ಹೇಗಿದೆಯೋ ಹಾಗೆ ವೈದ್ಯರ ಕಣ್ಣಿಗೆ ಬೀಳಬೇಕು.